ಮೊದಲ ಚೆಂಬು ಹಾಲು

ಇಂಗ್ಲಿಷು ಪುಸ್ತಕವೊಂದನ್ನು ತಂದು ನನ್ನ ಅಡುಗೆಮನೆಯ ಮಣೆಯ ಮೇಲೆ ಇಟ್ಟವರು ಮುಂಡಪ್ಪಣ್ಣ. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹಿಂದೆ ಹೊಸದಾಗಿ ತೆರೆದ ಹಾಲಿನ ಸಂಘಕ್ಕೆ ಅವರು ಅಧ್ಯಕ್ಷರು, ನನ್ನ ಗಂಡ ಲೋಕನಾಥ ಕಾರ್ಯದರ್ಶಿ. ನಾನು ಸಂಘಕ್ಕೆ ಏನೂ ಅಲ್ಲ. ಆದರೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಹೆಂಗಸು ಕಾರ್ಯದರ್ಶಿಯ ಮನೆಯಲ್ಲೇ ಇದ್ದ ಮೇಲೆ ಕೇಳಬೇಕೇ? ಹಾಲಿನ ಸಂಸ್ಕರಣೆಯ ಬಗ್ಗೆ ಆ ಪುಸ್ತಕದಲ್ಲಿ ಒಂದು ಅಧ್ಯಾಯ ಇದೆಯೆಂದೂ, ಅದನ್ನು ಕೆಲಸದವರಿಗೆ ತಿಳಿಯುವ ಕನ್ನಡದಲ್ಲಿ ಚುಟುಕಾಗಿ ಒಂದು ದೊಡ್ಡ ಹಾಳೆಯಲ್ಲಿ ಬರೆದು ಕೊಡಬೇಕೆಂದೂ, ಮುಂದಿನ ತಿಂಗಳು ಮೇಲಿನವರು ತಪಾಸಣೆಗೆ ಬಂದಾಗ ಗೋಡೆಯ ಮೇಲೆ ತೂಗಾಡುತ್ತಿದ್ದರೆ ಚೆಂದವೆಂದೂ ಹೇಳಿದರು. ಕಾಫಿ ಕುಡಿದು ಎದ್ದು ಹೋದರು. ಮಾಡ್ತೀಯಾ ಎಂದು ಒಂದು ಮಾತು ಕೇಳಲಿಲ್ಲ.

ನನಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ನಾನು ಮುಚ್ಚಿಡುವುದೂ ಇಲ್ಲ. ಆ ರಾತ್ರಿ ಪಾತ್ರೆಗಳೆಲ್ಲ ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು. ಆದರೆ ಪುಸ್ತಕ ಓದತೊಡಗಿದ ಮೇಲೆ ಸಿಟ್ಟು ಇಳಿಯಿತು. ಹಾಲು ಎಂದರೆ ಕಾಯಿಸುವುದು, ಹೆಪ್ಪು ಹಾಕುವುದು ಎಂದಷ್ಟೇ ತಿಳಿದಿದ್ದ ನನಗೆ ಅದರೊಳಗೆ ಇಷ್ಟೆಲ್ಲ ಉಂಟೆಂದು ಗೊತ್ತಿರಲಿಲ್ಲ. ಹಾಳೆಗೆ ಮೂರು ಅಂಕಣ ಎಳೆದೆ. ಮೊದಲನೆಯದು ಮಾಡಬೇಕಾದ ಕೆಲಸ, ಎರಡನೆಯದು ಅದು ಸರಿಯಾಗಿದೆಯೋ ಎಂದು ನೋಡುವ ಪರೀಕ್ಷೆ, ಮೂರನೆಯದು ಕಾರಣ. ಮುಂಡಪ್ಪಣ್ಣ ಬಂದು ನೋಡಿ, ಕಾರಣ ಎಲ್ಲ ಯಾಕೆ, ಅದನ್ನು ಓದಿದರೆ ಜನ ಹೆದರುತ್ತಾರೆ, ಮಾಡಬೇಕಾದದ್ದನ್ನು ಬರೆದರೆ ಸಾಕು ಎಂದರು. ಕಾರಣ ಗೊತ್ತಿಲ್ಲದವನು ಬೇಸರ ಬಂದ ದಿನ ಕೆಲಸವನ್ನು ಬಿಡುತ್ತಾನೆ, ಅಂಕಣ ಬೇಡವಾದರೆ ಹಾಳೆಯೂ ಬೇಡ ಎಂದೆ. ಅವರು ನನ್ನ ಗಂಡನ ಮುಖ ನೋಡಿದರು. ಗಂಡ ಸೀಲಿಂಗು ನೋಡಿದರು.

ಸಂಘದ ಯಂತ್ರದ ಬಗ್ಗೆ ಈಗ ಹೇಳಬೇಕು. ಮಂಗಳೂರಿನಲ್ಲಿ ಮುಚ್ಚಿಹೋದ ಒಂದು ಐಸ್‌ಕ್ರೀಮ್ ಕಾರ್ಖಾನೆಯಿಂದ ತಂದದ್ದು ಅದು. ಎರಡು ಗೋಡೆಯ ದೊಡ್ಡ ಸ್ಟೀಲು ತೊಟ್ಟಿ, ಗೋಡೆಗಳ ನಡುವೆ ಬಿಸಿನೀರು ಓಡುತ್ತದೆ, ಒಳಗೆ ಹಾಲನ್ನು ಕಲಕುವ ರೆಕ್ಕೆ. ತಳದಲ್ಲಿ ಹಾಲು ಬಿಡುವ ನಲ್ಲಿ, ಬಿಸಿ ಹಾಲನ್ನು ಕ್ಯಾನಿಗೆ ಬಿಟ್ಟು ಆಮೇಲೆ ತಣ್ಣೀರಿನಲ್ಲಿಟ್ಟು ತಣಿಸುವುದು. ಶಿರ್ತಾಡಿ ಕಡೆಯಿಂದ ಬೆಳಗ್ಗಿನ ಬಸ್ಸಿನಲ್ಲಿ ಕ್ಯಾನುಗಳು ಬರುತ್ತಿದ್ದವು. ಎಲ್ಲ ಮನೆಗಳ ಹಾಲೂ ಒಂದೇ ತೊಟ್ಟಿಗೆ. ತೊಟ್ಟಿಯ ಉಸ್ತುವಾರಿ ಧರ್ಣಪ್ಪನದು. ಐವತ್ತು ದಾಟಿದವನು, ಮಾತು ಕಡಿಮೆ, ಕೈ ಸ್ವಚ್ಛ.

ನಮ್ಮ ಜನಕ್ಕೆ ಯಂತ್ರದ ಹಾಲೆಂದರೆ ಸಂಶಯ. ಕುದಿಸದೆ, ಕೈಸುಡುವಷ್ಟು ಬಿಸಿ ಮಾಡಿ ತಣಿಸಿದ್ದನ್ನು ಹಾಲು ಕಾಯಿಸಿದ್ದು ಎಂದು ಯಾರು ನಂಬುತ್ತಾರೆ? ಅದಕ್ಕೆ ನನ್ನ ಗಂಡ ಒಂದು ಉಪಾಯ ಹೂಡಿದ್ದರು. ನಮ್ಮ ಮಗಳು ಕುಸುಮನಿಗೆ ಆಗ ನಾಲ್ಕು ವರ್ಷ. ಬೆಳಗ್ಗೆ ಹಾಲಿಗೆ ಜನ ಸೇರುವ ಹೊತ್ತಿಗೆ ಅವಳನ್ನು ಸಂಘದ ಜಗಲಿಯ ಬೆಂಚಿನ ಮೇಲೆ ಕೂರಿಸಿ, ಯಂತ್ರದ ಹಾಲನ್ನು ಹಾಗೆಯೇ, ಮನೆಯಲ್ಲಿ ಮತ್ತೆ ಕಾಯಿಸದೆ, ಎಲ್ಲರ ಎದುರು ಕುಡಿಸುವುದು. ಕಾರ್ಯದರ್ಶಿ ಸ್ವಂತ ಮಗುವಿಗೇ ಕೊಡುತ್ತಾನೆ ಎಂದ ಮೇಲೆ ಜನ ತಂಬಿಗೆ ಮುಂದೆ ಮಾಡತೊಡಗಿದರು. ನಾನೂ ಒಪ್ಪಿದ್ದೆ. ಪುಸ್ತಕವೂ ಅದನ್ನೇ ಹೇಳುತ್ತಿತ್ತು. ನೂರ ನಲವತ್ತೈದು ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಅರ್ಧ ಗಂಟೆ ಹಿಡಿದಿಟ್ಟರೆ ರೋಗ ತರುವ ಕ್ರಿಮಿಗಳು ಸಾಯುತ್ತವೆ. ಅವುಗಳಲ್ಲಿ ಗಟ್ಟಿಯದು ಕ್ಷಯದ ಕ್ರಿಮಿ. ಅದು ಸಾಯುವಷ್ಟು ಶಾಖ ಸಿಕ್ಕಿದರೆ ಟೈಫಾಯ್ಡಿನದ್ದು ಅದಕ್ಕಿಂತ ಮೊದಲೇ ಸತ್ತಿರುತ್ತದೆ. ಕುದಿಸದೆ ಇರುವುದು ಹಾಲಿನ ರುಚಿ, ಕೆನೆ ಕೆಡದಿರಲಿ ಎಂದು.

ಕುಸುಮನಿಗೆ ಕೊಡುತ್ತಿದ್ದದ್ದು ಮೊದಲ ಚೆಂಬು. ಅದು ಧರ್ಣಪ್ಪನ ನಿಯಮ. ಹೊಸ ಅಕ್ಕಿಯಾಗಲಿ, ಕರು ಹಾಕಿದ ದನದ ಹಾಲಾಗಲಿ, ಮೊದಲ ಪಾಲು ದೇವರಿಗೆ ಮೀಸಲು. ದಿನಾ ನಲ್ಲಿ ತಿರುಗಿಸಿದಾಗ ಬಂದ ಮೊದಲ ಚೆಂಬನ್ನು ಅವನು ಕ್ಯಾನಿಗೆ ಹಾಕುತ್ತಿರಲಿಲ್ಲ. ಮೊದಮೊದಲು ಅಂಗಳದ ತುಳಸಿಯ ಬುಡಕ್ಕೆ ಹೊಯ್ಯುತ್ತಿದ್ದ. ಮಗು ಕುಡಿದರೂ ದೇವರಿಗೇ ಸಂದ ಹಾಗೆ ಎಂದು ನನ್ನ ಗಂಡ ಹೇಳಿದ ಮೇಲೆ ಕುಸುಮನ ಕೈಗೆ ಕೊಡತೊಡಗಿದ.

ಒಂದು ಶನಿವಾರ ಶಾಲೆಯಿಂದ ಬರುವಾಗ ಶಿರ್ತಾಡಿಯ ಸುಬ್ಬಪ್ಪ ಸಿಕ್ಕಿದ. ಸಂಘಕ್ಕೆ ಹಾಲು ಹಾಕುವವನು. ಹೆಂಡತಿಗೆ ಜ್ವರ ಬಿಡುತ್ತಿಲ್ಲ, ಡಾಕ್ಟರು ಟೈಫಾಯ್ಡು ಎಂದರು ಎಂದ. ಹಾಲು ಕರೆಯುವವರು ಯಾರು ಎಂದು ಕೇಳಿದೆ. ಮಲಗುವ ದಿನದವರೆಗೂ ಅವಳೇ ಕರೆದಳು, ಈಗ ತಾನು ಎಂದ. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನ ಹಾಲು ಸದ್ಯಕ್ಕೆ ಬೇಡ ಎಂದು ಹೇಳುತ್ತೇನೆ, ಈವರೆಗಿನದ್ದು ಯಂತ್ರದಲ್ಲಿ ಬೆಂದಿದೆಯಲ್ಲ, ಹೆದರುವುದು ಏನುಂಟು ಎಂದರು. ನಾನೂ ಹೆದರಲಿಲ್ಲ.

ಮರುದಿನ ಭಾನುವಾರ ಮಧ್ಯಾಹ್ನ ಹಾಳೆ ಹರಡಿಕೊಂಡು ಕುಳಿತೆ. ಕುಸುಮ ಪಕ್ಕದಲ್ಲೇ ಚಾಪೆಯ ಮೇಲೆ ನಿದ್ದೆ ಮಾಡುತ್ತಿದ್ದಳು. ಹಾಲು ಪಡೆಯುವುದನ್ನು ಬರೆದೆ: ವಾಸನೆ ನೋಡುವುದು, ನೀರು ಬೆರೆಸಿದ್ದಾರೋ ಎಂದು ಲ್ಯಾಕ್ಟೋಮೀಟರು ತೇಲಿಬಿಡುವುದು, ಹುಳಿ ಹಿಡಿದ ಹಾಲು ಶಾಖಕ್ಕೆ ಒಡೆಯುವುದರಿಂದ ಸ್ವಲ್ಪ ತೆಗೆದು ಕುದಿಸಿ ನೋಡುವುದು. ನೀಲಿಬಣ್ಣದ ಪರೀಕ್ಷೆ ಬರೆದೆ: ಕ್ರಿಮಿ ಹೆಚ್ಚಿದ್ದಷ್ಟೂ ಹಾಲಿಗೆ ಹಾಕಿದ ನೀಲಿ ಬೇಗ ಮಾಯವಾಗುತ್ತದೆ. ಸೋಸುವುದು ಬರೆದೆ: ಕೂದಲು, ಕಸ ಹೋಗುತ್ತದೆ, ಕ್ರಿಮಿ ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಬಿಸಿ ಮಾಡಿದ ಮೇಲೆ ತಕ್ಷಣ ತಣಿಸುವುದು ಬರೆದೆ: ಸಾಯದೆ ಉಳಿದ ಬೇರೆ ಕ್ರಿಮಿಗಳು ಬೆಳೆದು ಹಾಲು ಕೆಡದಿರಲಿ ಎಂದು. ಆಮೇಲೆ ತೊಟ್ಟಿಯ ನಲ್ಲಿಯ ಬಗ್ಗೆ ಒಂದು ಸಣ್ಣ ಪ್ಯಾರಾ ಬಂತು. ನಲ್ಲಿಯ ಬಾಯಿ ತೊಟ್ಟಿಯ ಗೋಡೆಗೇ ತಾಗಿ ಕುಳಿತಿರಬೇಕು, ನಡುವೆ ಕೊಳವೆ ಇರಬಾರದು ಎಂದಿತ್ತು. ಬರೆದೆ. ಕಾರಣದ ಅಂಕಣಕ್ಕೆ ಪೆನ್ನು ತಂದೆ. ಕೊಳವೆಯಲ್ಲಿ ನಿಂತ ಹಾಲಿಗೆ ತೊಟ್ಟಿಯ ಶಾಖ ತಲುಪುವುದಿಲ್ಲ, ರೆಕ್ಕೆ ಅದನ್ನು ಕಲಕುವುದಿಲ್ಲ. ತೊಟ್ಟಿಯ ಹಾಲು ಬೆಂದರೂ ಅದು ಹಸಿಯಾಗಿಯೇ ಉಳಿಯುತ್ತದೆ, ನಲ್ಲಿ ತೆರೆದಾಗ ಎಲ್ಲಕ್ಕಿಂತ ಮೊದಲು ಅದೇ ಹೊರಗೆ ಬರುತ್ತದೆ.

ಪೆನ್ನು ಅಲ್ಲಿಗೇ ನಿಂತಿತು. ನಮ್ಮ ತೊಟ್ಟಿಗೆ ಕೊಳವೆ ಇತ್ತು. ನಲ್ಲಿಯ ಅಡಿಗೆ ಕ್ಯಾನು ಹಿಡಿಸುವುದಿಲ್ಲವೆಂದು ನನ್ನ ಗಂಡನೇ ಬಂಟ್ವಾಳದ ಫಿಟ್ಟರ್ ಹನೀಫಾನನ್ನು ಕರೆಸಿ, ಮೊಳದುದ್ದದ ಕೊಳವೆ ಹಾಕಿಸಿ ನಲ್ಲಿಯನ್ನು ಈಚೆಗೆ ತರಿಸಿದ್ದರು. ಚಾಪೆಯ ಮೇಲೆ ಮಲಗಿದ್ದ ಕುಸುಮನ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಇನ್ನೊಮ್ಮೆ ಮುಟ್ಟಿದೆ. ಆಮೇಲೆ ನನ್ನ ಕೈಯೇ ಬಿಸಿಯಾಗಿದೆಯೋ ಎಂದು ಕೆನ್ನೆಯಿಂದ ಮುಟ್ಟಿ ನೋಡಿದೆ.

ಗಂಡನನ್ನು ಎಬ್ಬಿಸಿ ಪುಸ್ತಕ ತೋರಿಸಿದೆ. ಅವರು ಎರಡು ಸಲ ಓದಿದರು. ಕೆಟ್ಟ ಮನುಷ್ಯ ಅಲ್ಲ ಅವರು, ಮುಖ ಬಿಳಿಚಿಕೊಂಡಿತು. ಆದರೂ ಬಾಯಿಂದ ಬಂದದ್ದು ಕಾರ್ಯದರ್ಶಿಯ ಮಾತು. ಸಂಘ ದಿನಾ ಕ್ಯಾನಿನ ಹಾಲನ್ನು ಪರೀಕ್ಷೆ ಮಾಡುತ್ತದೆ, ಒಂದು ದಿನವೂ ತಪ್ಪಿಲ್ಲ, ಪುಸ್ತಕದವರು ವಿಲಾಯತಿಯಲ್ಲಿ ಕೂತು ಬರೆದದ್ದು ಎಂದರು. ಕ್ಯಾನಿನ ಹಾಲು ಸರಿಯೇ ಇರುತ್ತದೆ ಎಂದೆ ನಾನು. ಕೊಳವೆಯ ಹಾಲನ್ನು ಧರ್ಣಪ್ಪ ಕ್ಯಾನಿಗೆ ಬಿಟ್ಟದ್ದೇ ಇಲ್ಲವಲ್ಲ. ಅವನ ಮೀಸಲಿನಿಂದ ಊರಿಗೆಲ್ಲ ಒಳ್ಳೆಯದೇ ಆಯಿತು. ಕೆಟ್ಟದ್ದನ್ನೆಲ್ಲ ಸೋಸಿ ನಮ್ಮ ಮಗುವಿಗೆ ಕೊಟ್ಟದ್ದು.

"ನಾಳೆ ಪರೀಕ್ಷೆ ಮಾಡಿ ನೋಡುವ," ಎಂದರು. "ಅದಕ್ಕೆ ಮೊದಲು ಯಾರಿಗೂ ಹೇಳ್ಬೇಡ ಮಾರಾಯ್ತಿ. ನಾಳೆ ಅವಳು ಕುಡಿಯದಿದ್ದರೆ ಜನ ಏನು ಗ್ರಹಿಸುದು?"

"ಏನು ಬೇಕಾದರೂ ಗ್ರಹಿಸಲಿ," ಎಂದೆ. "ಇನ್ನು ಒಂದು ತೊಟ್ಟು ಅವಳ ಬಾಯಿಗೆ ಹೋಗ್ಲಿಕ್ಕೆ ನಾನು ಬಿಡುದಿಲ್ಲ."

ಸೋಮವಾರ ಶಾಲೆಗೆ ರಜೆ ಹೇಳಿ ಸಂಘಕ್ಕೆ ಹೋದೆ. ಕುಸುಮನನ್ನು ಮನೆಯಲ್ಲೇ ಬಿಟ್ಟಿದ್ದೆ. ಹಾಲಿಗೆ ಬಂದವರು, ಮಗು ಎಲ್ಲಿ ಎಂದು ಕೇಳಿದರು. ಶೀತ ಎಂದರು ನನ್ನ ಗಂಡ. ಧರ್ಣಪ್ಪ ನಲ್ಲಿ ತಿರುಗಿಸಿ ಎಂದಿನಂತೆ ಮೊದಲ ಚೆಂಬು ಹಿಡಿದ. ನಾನು ಕೈ ಚಾಚಿದೆ. ಮಗುವಿಗೆ ಒಯ್ಯುತ್ತೇನೆ ಎಂದುಕೊಂಡನೋ ಏನೋ, ಎರಡೂ ಕೈಯಲ್ಲಿ ಕೊಟ್ಟ. ಚೆಂಬಿನ ಹೊರಮೈ ಬೆಚ್ಚಗಿತ್ತಷ್ಟೆ. ಆಮೇಲೆ ಕ್ಯಾನಿಗೆ ಬಿದ್ದ ಹಾಲಿನಿಂದ ಒಂದು ಲೋಟ ತೆಗೆದೆ, ಅದನ್ನು ಹಿಡಿಯಲು ಬಟ್ಟೆ ಬೇಕಾಯಿತು.

ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡೆವು. ಹಸಿ ಹಾಲಿನಲ್ಲಿ ಒಂದು ಸಹಜ ಕಿಣ್ವ ಇರುತ್ತದೆ, ಫಾಸ್ಫಟೇಸ್ ಎಂದು. ಕ್ಷಯದ ಕ್ರಿಮಿ ಸಾಯಲು ಬೇಕಾದದ್ದಕ್ಕಿಂತ ತುಸು ಹೆಚ್ಚು ಶಾಖಕ್ಕೆ ಅದು ನಾಶವಾಗುತ್ತದೆ. ಆದ್ದರಿಂದ ಅದು ಇಲ್ಲವಾದರೆ ಹಾಲು ಬೆಂದಿದೆ, ಇದ್ದರೆ ಬೆಂದಿಲ್ಲ, ಅಥವಾ ಬೆಂದದ್ದಕ್ಕೆ ಹಸಿ ಬೆರೆತಿದೆ. ಇದ್ದರೆ ಪರೀಕ್ಷೆಯ ದ್ರವ ಹಳದಿಯಾಗುತ್ತದೆ. ಮೂರು ಗಾಜಿನ ನಳಿಗೆಗಳಲ್ಲಿ ದ್ರವ ತುಂಬಿದೆ. ಒಂದಕ್ಕೆ ಕ್ಯಾನಿನ ಹಾಲು, ಒಂದಕ್ಕೆ ಚೆಂಬಿನ ಹಾಲು, ಒಂದಕ್ಕೆ ಹೋಲಿಸಿ ನೋಡಲು ಚೆನ್ನಾಗಿ ಕುದಿಸಿದ ಹಾಲು. ಪಿಪೆಟ್ಟಿಗೆ ಹಾಲನ್ನು ಬಾಯಿಂದ ಎಳೆಯಬೇಡಿ, ಎಂಜಲು ತಾಗಿದರೂ ಹಳದಿಯಾಗುತ್ತದೆ ಎಂದು ಗಂಡನನ್ನು ಗದರಿದೆ. ಮೂರನ್ನೂ ಮೈಬಿಸಿಯಷ್ಟು ಬಿಸಿಯ ನೀರಿನಲ್ಲಿ ನಿಲ್ಲಿಸಿ, ತಣಿದ ಹಾಗೆ ಬಿಸಿನೀರು ಸೇರಿಸುತ್ತ ಎರಡು ಗಂಟೆ ಕಾಯಬೇಕು. ನಮ್ಮನ್ನು ಹೆದರಿಸಲು ಅಷ್ಟು ಹೊತ್ತು ಬೇಕಾಗಲಿಲ್ಲ. ನೀರು ಸೇರಿಸಲು ಮೊದಲ ಸಲ ಬಗ್ಗಿದಾಗಲೇ ನಡುವಿನ ನಳಿಗೆ ಅರಸಿನ ಹಚ್ಚಿದಂತೆ ಹಳದಿಯಾಗಿತ್ತು. ಉಳಿದ ಎರಡು ಬೆಳ್ಳಗೆಯೇ ಉಳಿದವು, ಕೊನೆಯವರೆಗೂ.

ನನ್ನ ಗಂಡ ನೆಲದ ಮೇಲೆ ಕುಳಿತುಬಿಟ್ಟರು. ಜನರೆದುರು ಮಗುವನ್ನು ಕೂರಿಸಿ ಕುಡಿಸಿದ್ದು ತಾನು, ತನ್ನ ಕೈಯಾರೆ, ಎಂದು ಅದನ್ನೇ ಹೇಳುತ್ತಿದ್ದರು. ನನಗೆ ಅವರನ್ನು ಬೈಯಲೂ ತ್ರಾಣ ಇರಲಿಲ್ಲ. ಟೈಫಾಯ್ಡು ಮೈಯೊಳಗೆ ಸೇರಿದ ಮೇಲೆ ಹೊರಗೆ ಕಾಣಿಸಲು ಒಂದರಿಂದ ಮೂರು ವಾರ ಬೇಕು ಎಂದು ನನಗೆ ಗೊತ್ತಿತ್ತು. ಗೊತ್ತಿರುವುದೇ ಶಾಪವಾಗಿತ್ತು.

ಕುಸುಮನನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಹೋದೆ. ಕೊಳವೆ, ಚೆಂಬು, ಹಳದಿ, ಎಲ್ಲ ಹೇಳಿದೆ. ಅವರು ಹೊಟ್ಟೆ ಒತ್ತಿ ನೋಡಿ, ಈಗ ಏನೂ ಇಲ್ಲ, ದಿನಾ ಜ್ವರ ನೋಡುತ್ತಿರು ಎಂದರು. ಆ ಚೆಂಬಿನಿಂದ ಬೇರೆ ಯಾರಾದರೂ ಕುಡಿದಿದ್ದಾರೆಯೇ ಎಂದು ಕೇಳಿದರು. ಇಲ್ಲ, ಇವಳು ಒಬ್ಬಳೇ ಎಂದೆ. ಅಷ್ಟು ಖಂಡಿತವಾಗಿ ಹೇಳಿದೆ.

ಹನೀಫಾ ಬಂದು ಕೊಳವೆ ಕತ್ತರಿಸಿ ನಲ್ಲಿಯನ್ನು ಗೋಡೆಗೆ ತಾಗಿಸಿ ಕೂರಿಸಿದ. ಕ್ಯಾನು ಇಡಲು ನೆಲವನ್ನು ಅಗೆದು ತಗ್ಗು ಮಾಡಿದರು. ಇಷ್ಟಕ್ಕೆಲ್ಲ ಕಾರಣ ಏನೆಂದು ಕೆಲಸದವರಿಗೆ ಹೇಳುವುದಾಗಿ ನನ್ನ ಗಂಡ ಒಪ್ಪಿದ್ದರು. ಹೇಳಿದರು ಎಂದೇ ನಾನು ನಂಬಿದ್ದೆ. ಊರಿಗೆ ತಿಳಿಸುವುದನ್ನು ಮಾತ್ರ ಮುಂದಿನ ಸಭೆಯವರೆಗೆ ಕಾಯುವ ಎಂದು ಮುಂಡಪ್ಪಣ್ಣ ಕೈಮುಗಿದರು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಪಾಠ ಮಾಡುತ್ತ ಮಾಡುತ್ತ ಬಾಯಿ ಒಣಗುತ್ತಿತ್ತು. ಕುಸುಮ ಊಟ ಬೇಡ ಎಂದರೆ ಜೀವ ಹೋಗುತ್ತಿತ್ತು, ಬೇಕು ಎಂದರೆ ಅಳು ಬರುತ್ತಿತ್ತು. ಬಿಸಿಲಿನಲ್ಲಿ ಆಡಿ ಕೆಂಪು ಮುಖ ಹೊತ್ತು ಬಂದರೆ ಕೂಡಲೇ ಕಂಕುಳಿಗೆ ಥರ್ಮಾಮೀಟರು. ನನ್ನ ಹೆದರಿಕೆ ಮಗುವಿಗೆ ಅಂಟಿ, ನನ್ನನ್ನು ಕಂಡರೆ ತಾನೇ ತೋಳು ಎತ್ತುವಷ್ಟಾಯಿತು.

ಒಂದು ಬೆಳಗ್ಗೆ ಧರ್ಣಪ್ಪ ಕೆಲಸಕ್ಕೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವನು ಒಂದು ದಿನವೂ ತಪ್ಪಿದವನಲ್ಲ. ಸಂಜೆ ಗಂಡ ಅದನ್ನು ಹೇಳುವಾಗ ಕುಸುಮ ನನ್ನ ತೊಡೆಯ ಮೇಲಿದ್ದಳು. ಸಂಘಕ್ಕೆ ಇನ್ನು ಹೋಗಲಿಕ್ಕಿಲ್ಲವೇ, ಹಾಲು ಕುಡಿಯಲಿಕ್ಕಿಲ್ಲವೇ ಎಂದು ಕೇಳಿದಳು. ನಿನಗೆ ಆ ಹಾಲು ಅಷ್ಟು ಇಷ್ಟವಾಗಿತ್ತೇ ಎಂದು ಕೇಳಿದೆ.

"ಇಲ್ಲಮ್ಮ. ಅದು ನಾತ," ಎಂದಳು. "ನಾನು ಬಾಯಿಗೆ ಇಟ್ಟು ಸುಮ್ಮನೆ ಹಿಡಿತಿದ್ದೆ. ಅಪ್ಪ ಆಚೆ ನೋಡುವಾಗ ಅಜ್ಜನಿಗೆ ಕೊಡ್ತಿದ್ದೆ. ಅಜ್ಜ ಅವರ ತಂಬಿಗೆಗೆ ಹಾಕ್ತಿದ್ದರು."

ಅಜ್ಜ ಎಂದರೆ ಧರ್ಣಪ್ಪ. ಒಂದು ದಿನವೂ ಕುಡಿಯಲಿಲ್ಲವೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು, ಬೈಗುಳ ಬೀಳುತ್ತದೆಂದು ಹೆದರಿ. ನಾನು ಅವಳನ್ನು ಅಪ್ಪಿಕೊಂಡು ನಕ್ಕೆ. ಹುಚ್ಚಿಯ ಹಾಗೆ ನಕ್ಕೆ. ಮಗಳು ಬದುಕಿದಳು, ನನ್ನ ಮಗಳಿಗೆ ಏನೂ ಆಗುವುದಿಲ್ಲ, ಇಷ್ಟು ದಿನ ಹೊತ್ತ ಬಂಡೆ ಇಳಿಯಿತು. ಗಂಡನ ಕಣ್ಣಲ್ಲೂ ನೀರು. ಆ ಸುಖ ಎಷ್ಟು ಹೊತ್ತು ಇತ್ತೆಂದು ಹೇಳಲಾರೆ. ಆಮೇಲೆ ಆ ತಂಬಿಗೆ ಎಲ್ಲಿಗೆ ಹೋಗುತ್ತಿತ್ತು ಎಂಬ ಯೋಚನೆ ಬಂತು, ನಾನು ಎದ್ದು ನಿಂತೆ.

ದಾರಿಯಲ್ಲಿ ಗಂಡನನ್ನು ಕೇಳಿದೆ, ಕೊಳವೆ ಕತ್ತರಿಸಿದ ಕಾರಣ ಧರ್ಣಪ್ಪನಿಗೆ ಹೇಳಿದ್ದೀರಲ್ಲ ಎಂದು. ಕ್ಯಾನು ಇಡಲು ಅನುಕೂಲಕ್ಕೆ ಎಂದಷ್ಟೇ ಅವನಿಗೆ ಹೇಳಿಬಿಟ್ಟಿದ್ದರಂತೆ.

ಧರ್ಣಪ್ಪನ ಮನೆ ಬಸದಿಯ ಬೀದಿ ದಾಟಿ ಗದ್ದೆಯ ಅಂಚಿನಲ್ಲಿ. ಅವನು ಅಂಗಳದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತಿದ್ದ, ಗಟ್ಟಿಮುಟ್ಟಾಗಿ. ನಮ್ಮನ್ನು ಕಂಡು ಗಡಬಡಿಸಿ ಎದ್ದ. ಒಳಗೆ ಅವನ ಮಗಳು ಲೋಲಾಕ್ಷಿ ಗೋಡೆಗೆ ಒರಗಿದ್ದಳು, ಮಡಿಲಲ್ಲಿ ಅವಳ ಮಗಳು. ನಮ್ಮ ಕುಸುಮನದೇ ಪ್ರಾಯ. ತುಟಿ ಒಡೆದು ಒಣಗಿತ್ತು, ಕಣ್ಣು ಅರೆ ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ನಾನು ಹಣೆ ಮುಟ್ಟಿದೆ. ಇಷ್ಟು ದಿನ ನಾನು ಕುಸುಮನ ಹಣೆಯಲ್ಲಿ ಹುಡುಕುತ್ತಿದ್ದ ಬಿಸಿ ಇಲ್ಲಿತ್ತು.

ಜ್ವರ ಬಂದು ವಾರ ಆಯಿತು, ಕಷಾಯ ಕೊಟ್ಟೆವು, ಇಳಿಯುತ್ತಿಲ್ಲ ಎಂದ ಧರ್ಣಪ್ಪ. ಮತ್ತೆ, ತಪ್ಪು ಮಾಡಿದವನಂತೆ ತಲೆ ತಗ್ಗಿಸಿ, ಮೀಸಲು ಹಾಲನ್ನು ಚೆಲ್ಲಬಾರದು, ಕುಸುಮಕ್ಕ ಕುಡಿಯುತ್ತಿರಲಿಲ್ಲ, ಅದಕ್ಕೆ ಈ ಮಗುವಿಗೆ ತರುತ್ತಿದ್ದೆ ಎಂದ. ಅವನು ಹೆದರಿದ್ದು ಕಳ್ಳತನ ಎಂದು ನಾವು ಹೇಳುತ್ತೇವೆಂದು.

ಹಾಲನ್ನು ಕಾಯಿಸಿ ಕೊಟ್ಟಿದ್ದೀಯಾ ಎಂದು ಲೋಲಾಕ್ಷಿಯನ್ನು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು.

"ಇಲ್ಲಕ್ಕ," ಎಂದಳು. "ನಿಮ್ಮ ಮಗು ಹಾಗೇ ಕುಡಿಯುದನ್ನು ನಾನೇ ಜಗಲಿಯಲ್ಲಿ ನಿಂತು ನೋಡಿದ್ದಲ್ವಾ?"

ಮುಂಡಪ್ಪಣ್ಣನ ಕಾರು ತರಿಸಿ ಮಗುವನ್ನು ಡಾಕ್ಟರ ಹತ್ತಿರ ಒಯ್ದೆವು. ಮುಸ್ಸಂಜೆ, ಜಗಲಿಯ ತುಂಬ ಜನ. ಅರ್ಧದಷ್ಟು ಮಂದಿ ಸಂಘದ ಹಾಲು ಕೊಳ್ಳುವವರೇ. ಡಾಕ್ಟರು ಮಗುವಿನ ನಾಲಗೆ ನೋಡಿದರು, ಹೊಟ್ಟೆ ಮುಟ್ಟಿದರು, ಮುಖ ಗಂಟಾಯಿತು. ಆ ಚೆಂಬಿನ ಹಾಲು ಕುಡಿದದ್ದು ಈ ಮಗು ಎಂದೆ. ಹಾಲು ಕಾಯಿಸದೆ ಕೊಟ್ಟವರು ಯಾರು ಎಂದು ಗದರಿದರು.

ಲೋಲಾಕ್ಷಿ ಸೆರಗು ಬಾಯಿಗೆ ಹಿಡಿದು, "ನಾನು," ಎಂದಳು.

"ಅವಳಲ್ಲ," ಎಂದೆ. ನನ್ನ ಗಂಡ ನನ್ನ ಕೈ ಹಿಡಿದರು. ನಾನು ಬಿಡಿಸಿಕೊಂಡೆ. ಜಗಲಿಗೆ ಕೇಳುವಷ್ಟು ಜೋರಾಗಿಯೇ ಹೇಳಿದೆ, ತರಗತಿಯಲ್ಲಿ ಹೇಳುವ ಹಾಗೆ. ಸಂಘದ ನಲ್ಲಿಗೆ ಕೊಳವೆ ಇತ್ತೆಂದೂ, ಅದರೊಳಗಿನ ಹಾಲು ಬೇಯುತ್ತಿರಲಿಲ್ಲವೆಂದೂ, ಕಾಯಿಸಬೇಕಿಲ್ಲ ಎಂದು ಊರಿಗೆ ತೋರಿಸಿದವರು ನಾವೆಂದೂ, ಈ ತಾಯಿ ನಮ್ಮನ್ನು ನಂಬಿದ್ದು ಮಾತ್ರವೆಂದೂ ಹೇಳಿದೆ. ಮುಂಡಪ್ಪಣ್ಣ ಕಾರಿನ ಹತ್ತಿರ ನಿಂತವರು ಒಳಗೆ ಬರಲಿಲ್ಲ. ಬೆಂಚಿನಲ್ಲಿದ್ದ ಒಬ್ಬ ಹೆಂಗಸು ತನ್ನ ಮಗುವನ್ನು ಎಳೆದು ಹತ್ತಿರ ಕೂರಿಸಿಕೊಂಡಳು.

ಡಾಕ್ಟರು ಕ್ಲೋರೋಮೈಸೆಟಿನ್ ತರಲು ಚೀಟಿ ಬರೆದರು. ಬೇಗ ತಂದಿದ್ದರೆ ಒಳ್ಳೆಯದಿತ್ತು, ಈಗ ನೋಡುವ, ಇವತ್ತಿನ ರಾತ್ರಿ ಕಳೆಯಲಿ ಎಂದರು. ನನ್ನ ಗಂಡ ಔಷಧಿ ಅಂಗಡಿಗೆ ಓಡಿದರು. ನಾನು ಲೋಲಾಕ್ಷಿಯ ಪಕ್ಕ ಕುಳಿತು ಮಗುವಿನ ಹಣೆಗೆ ಒದ್ದೆ ಬಟ್ಟೆ ಒತ್ತುತ್ತಿದ್ದೆ. ಅವಳು ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ತಲೆಯೆತ್ತಿದಳು.

"ಕುಸುಮಕ್ಕ ಕುಡಿಲೇ ಇಲ್ಲ ಅಲ್ವಾ ಅಕ್ಕ?"

"ಇಲ್ಲ," ಎಂದೆ.

"ದೇವರು ದೊಡ್ಡವ," ಎಂದಳು ಲೋಲಾಕ್ಷಿ. ಮನಸ್ಸಿನಿಂದಲೇ ಹೇಳಿದಳು. ಆಮೇಲೆ ಬಟ್ಟೆ ಬಿಸಿಯಾಗಿದೆ, ಮತ್ತೊಮ್ಮೆ ನೀರಿಗೆ ಅದ್ದಿ ಕೊಡಿ ಎಂದಳು.